ರಾಗಿ ಉಂಡೆಯ ಲೇಬಲ್‌ನಲ್ಲಿ ಕಾಣೆಯಾಗಿದ್ದ 25 ಕ್ಯಾಲೊರಿ

ಮಂಡ್ಯದಲ್ಲಿರುವ ನನ್ನ ಅತ್ತಿಗೆ ಮತ್ತು ಅವರ ಸ್ವಸಹಾಯ ಸಂಘದ ನಾಲ್ವರು ಹೆಂಗಸರು ಎರಡು ವರ್ಷಗಳಿಂದ ರಾಗಿ ಉಂಡೆ ಮಾಡಿ ಮಾರುತ್ತಿದ್ದಾರೆ. ರಾಗಿ ಹಿಟ್ಟು, ಕಡಲೆಕಾಯಿ ಬೀಜ, ಮಂಡ್ಯದ ಬೆಲ್ಲ, ತುಪ್ಪ, ಸ್ವಲ್ಪ ಏಲಕ್ಕಿ, ಇಷ್ಟೇ. ಕಳೆದ ತಿಂಗಳು ಮೈಸೂರಿಗೆ ಬಂದಾಗ ನನಗೆ ಒಂದು ಪೊಟ್ಟಣ ಕೊಟ್ಟರು. ಉಂಡೆ ತಿನ್ನುತ್ತಾ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ಓದಿದೆ. 100 ಗ್ರಾಂಗೆ ಶಕ್ತಿ 425 ಕಿಲೋಕ್ಯಾಲೊರಿ, ಪ್ರೋಟೀನ್ 8.2 ಗ್ರಾಂ, ಕಾರ್ಬೋಹೈಡ್ರೇಟ್ 62.1 ಗ್ರಾಂ, ಅದರಲ್ಲಿ ನಾರು 6.4 ಗ್ರಾಂ, ಕೊಬ್ಬು 18.8 ಗ್ರಾಂ, ಸೇರಿಸಿದ ಸಕ್ಕರೆ 0 ಎಂದಿತ್ತು.

ಲೇಬಲ್ ಕಂಡರೆ ಮನಸ್ಸಿನಲ್ಲೇ ಗುಣಿಸಿ ನೋಡುವುದು ನನಗೆ ಅಭ್ಯಾಸ. ಪ್ರೋಟೀನ್ ಗ್ರಾಂಗೆ 4, ಕಾರ್ಬೋಹೈಡ್ರೇಟ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9. ಅಂದರೆ 32.8, 248.4, 169.2. ಮೂರನ್ನೂ ಕೂಡಿದರೆ 450.4 ಬರುತ್ತದೆ. ಲೇಬಲ್ ಹೇಳುವುದು 425. ನಡುವೆ 25 ಕಿಲೋಕ್ಯಾಲೊರಿ ಎಲ್ಲಿಗೋ ಹೋಗಿದೆ.

ಒಂದೆರಡು ಕ್ಯಾಲೊರಿಯ ಹೆಚ್ಚುಕಡಿಮೆ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದೆ. ದಶಾಂಶ ಕೈಬಿಡುವಾಗ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. 25 ಹಾಗಲ್ಲ, ಅದಕ್ಕೊಂದು ಕಾರಣ ಇರಲೇಬೇಕು. ಅತ್ತಿಗೆಗೆ ಫೋನ್ ಮಾಡಿದೆ. ಲೇಬಲ್ ಅಚ್ಚು ಹಾಕಿಸಿಕೊಟ್ಟವರೇ ಲೆಕ್ಕವನ್ನೂ ಮಾಡಿಕೊಟ್ಟರು, ತಾವು ಸಾಮಗ್ರಿಗಳ ತೂಕವನ್ನು ಬರೆದುಕೊಟ್ಟದ್ದು ಮಾತ್ರ ಎಂದರು. "ತಪ್ಪಿದ್ದರೆ ಸರಿಮಾಡಿಕೊಡಪ್ಪ. ಸಕ್ಕರೆ ಕಾಯಿಲೆಯವರು ಲೇಬಲ್ ಓದಿಯೇ ಕೊಳ್ಳುತ್ತಾರೆ, ಅವರಿಗೆ ಸುಳ್ಳು ಹೇಳಿದ ಹಾಗಾಗಬಾರದು," ಎಂದು ಅವರು ಹೇಳಿದ ಮಾತಿನಿಂದ ಈ ಕೆಲಸ ಶುರುವಾಯಿತು.

ಮೊದಲು ವ್ಯತ್ಯಾಸವನ್ನೇ ಹಿಡಿದು ನೋಡಿದೆ. 25.4 ಅನ್ನು 9ರಿಂದ ಭಾಗಿಸಿದರೆ 2.8 ಗ್ರಾಂ. ಕೊಬ್ಬಿನಲ್ಲಿ ತಪ್ಪಾಗಿದ್ದರೆ ಇಷ್ಟು ಗ್ರಾಂ ಎಡವಟ್ಟಾಗಿರಬೇಕು, ಆದರೆ ಲೇಬಲ್‌ನಲ್ಲಿ 2.8ಕ್ಕೆ ಸಂಬಂಧಿಸಿದ ಅಂಕಿಯೇ ಇಲ್ಲ. 4ರಿಂದ ಭಾಗಿಸಿದರೆ 6.35 ಗ್ರಾಂ. ನಾರಿನ ಸಾಲಿನಲ್ಲಿ 6.4 ಇದೆ! ಅಲ್ಲಿಗೆ ಕಾರಣ ಸಿಕ್ಕಿತು. ಶಕ್ತಿಯ ಲೆಕ್ಕ ಮಾಡುವಾಗ ನಾರನ್ನು ಪೂರ್ತಿ ಬಿಟ್ಟಿದ್ದಾರೆ, ಕಾರ್ಬೋಹೈಡ್ರೇಟ್ ಸಾಲು ಬರೆಯುವಾಗ ನಾರನ್ನು ಒಳಗೆ ಸೇರಿಸಿದ್ದಾರೆ. ಒಂದೇ ಪಟ್ಟಿಯಲ್ಲಿ ಎರಡು ಪದ್ಧತಿಗಳು ಬೆರೆತಿವೆ.

ಈ ಬೆರಕೆ ಸುಲಭವಾಗಿ ಆಗುವಂಥದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನಾ ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಬೇರೆ, ನಾರು ಬೇರೆ. ನಮ್ಮ ರಾಗಿಗೆ ಅಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67, ನಾರು ಸುಮಾರು 11. ಅಮೆರಿಕದ ಪದ್ಧತಿಯಲ್ಲಾದರೋ ಒಟ್ಟು ಕಾರ್ಬೋಹೈಡ್ರೇಟ್ ಎಂದರೆ ನಾರೂ ಸೇರಿದ ಮೊತ್ತ. ಅದೇ ರಾಗಿಗೆ ಅಲ್ಲಿಯ ಲೆಕ್ಕದಲ್ಲಿ 78 ಆಗುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವ ಪಟ್ಟಿಯಿಂದ ಅಂಕಿ ತೆಗೆದುಕೊಂಡೆವು ಎಂಬುದನ್ನು ಮರೆತು ಗುಣಿಸಿದರೆ ತಪ್ಪಾಗುತ್ತದೆ. ರಾಗಿಯಂಥ ನಾರು ಹೆಚ್ಚಿರುವ ಧಾನ್ಯದಲ್ಲಿ ಅದು ಎದ್ದು ಕಾಣುತ್ತದೆ. ಮೈದಾ ಬಿಸ್ಕತ್ತಿನ ಲೇಬಲ್ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾದರೆ ನಾರಿಗೆ ಎಷ್ಟು ಕೊಡಬೇಕು? ಇದಕ್ಕೆ ಉತ್ತರ 4, 4, 9 ಎಲ್ಲಿಂದ ಬಂದವು ಎಂಬುದರಲ್ಲಿದೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಆಹಾರವನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಆಮ್ಲಜನಕದೊಡನೆ ಸುಟ್ಟು ಬಿಸಿಯನ್ನು ಅಳೆದರು. ಪ್ರೋಟೀನ್ ಹಾಗೆ ಸುಟ್ಟಾಗ ಗ್ರಾಂಗೆ ಸುಮಾರು 5.65 ಕಿಲೋಕ್ಯಾಲೊರಿ ಕೊಡುತ್ತದೆ. ಆದರೆ ದೇಹ ಅದನ್ನು ಪೂರ್ತಿ ಸುಡುವುದಿಲ್ಲ, ಸಾರಜನಕದ ಭಾಗ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಅದರೊಂದಿಗೆ ಸುಮಾರು 1.25 ಹೋಗುತ್ತದೆ. ಉಳಿದ 4.4ರಲ್ಲಿ ಜೀರ್ಣವಾಗದ ಪಾಲನ್ನು ಕಳೆದರೆ ಸುಮಾರು 4 ಉಳಿಯುತ್ತದೆ. ಹೀಗೆ ಆ ಮೂರು ಅಂಕಿಗಳು ದೇಹಕ್ಕೆ ನಿಜವಾಗಿ ದಕ್ಕುವ ಶಕ್ತಿಯ ಸರಾಸರಿಗಳು, ಸುಟ್ಟಾಗ ಬರುವ ಬಿಸಿಯಲ್ಲ. ನಾರನ್ನು ಸುಟ್ಟರೂ ಗ್ರಾಂಗೆ ನಾಲ್ಕರ ಆಸುಪಾಸು ಬರುತ್ತದೆ. ಆದರೆ ಸಣ್ಣ ಕರುಳಿನಲ್ಲಿ ಅದು ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದರ ಒಂದು ಭಾಗವನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಅವನ್ನು ದೇಹ ಹೀರಿಕೊಳ್ಳುತ್ತದೆ. ಅದಕ್ಕಾಗಿ ಸಂಯುಕ್ತ ರಾಷ್ಟ್ರಗಳ ಆಹಾರ ಮತ್ತು ಕೃಷಿ ಸಂಸ್ಥೆ 2003ರಲ್ಲಿ ಹೊರತಂದ ವರದಿ ನಾರಿಗೆ ಗ್ರಾಂಗೆ 2 ಕಿಲೋಕ್ಯಾಲೊರಿ ಇಟ್ಟಿದೆ, ಯುರೋಪಿನ ಲೇಬಲ್ ಲೆಕ್ಕವೂ ಅದೇ. ನಾನೂ 2 ಎಂದೇ ಇಟ್ಟುಕೊಂಡೆ. ಸೊನ್ನೆ ಎಂದರೆ ಕಡಿಮೆ ಹೇಳಿದಂತೆ, 4 ಎಂದರೆ ಹೆಚ್ಚು ಹೇಳಿದಂತೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡು 6.4 ಗ್ರಾಂ ನಾರಿಗೆ 12.8 ಸೇರಿಸಿ ಹೊಸ ಅಂಕಿ ಬರೆಯಲು ಹೊರಟಿದ್ದೆ. ಬರೆಯುವ ಮುನ್ನ ಇನ್ನೊಂದು ಪರೀಕ್ಷೆ ಮಾಡಿದೆ. ಗ್ರಾಂಗಳನ್ನೆಲ್ಲ ಕೂಡಿ 100ರಿಂದ ಕಳೆಯುವುದು. 8.2, 62.1, 18.8 ಸೇರಿ 89.1. ಉಳಿದ 10.9 ಗ್ರಾಂ ನೀರು ಮತ್ತು ಖನಿಜಗಳದ್ದಾಗಿರಬೇಕು. ಸುಟ್ಟಾಗ ಬೂದಿಯಾಗಿ ಉಳಿಯುವ ಖನಿಜ ಇಂಥ ಉಂಡೆಯಲ್ಲಿ ಎರಡು ಗ್ರಾಂನಷ್ಟು. ಹಾಗಾದರೆ ನೀರು ಸುಮಾರು 9 ಗ್ರಾಂ. ಆದರೆ ನನ್ನ ಮುಂದಿದ್ದ ಉಂಡೆ ಚೆನ್ನಾಗಿ ಹುರಿದ ಹಿಟ್ಟಿನದು, ಒಡೆದರೆ ಪುಡಿಪುಡಿಯಾಗುತ್ತಿತ್ತು. ಹಸಿ ರಾಗಿ ಹಿಟ್ಟಿನಲ್ಲಿರುವಷ್ಟು ತೇವಾಂಶ ಅದರಲ್ಲಿರಲು ಸಾಧ್ಯವಿಲ್ಲ. ಸಾಮಗ್ರಿಗಳ ಹಸಿ ತೂಕದಿಂದಲೇ ಭಾಗಿಸಿದ್ದಾರೆ, ಹುರಿಯುವಾಗ ಆರಿಹೋದ ನೀರನ್ನು ಯಾರೂ ಕಳೆದಿಲ್ಲ ಎಂಬ ಅನುಮಾನ ಬಂತು. ಇದನ್ನು ಕಾಗದದ ಮೇಲೆ ಸರಿಮಾಡಲು ಬರುವುದಿಲ್ಲ. ಅಡುಗೆಮನೆಗೇ ಹೋಗಬೇಕು.

ಭಾನುವಾರ ಬೆಳಗಿನ ರೈಲಿಗೆ ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೋದೆ. ಖಾಲಿ ಪಾತ್ರೆಗಳನ್ನೆಲ್ಲ ಮೊದಲು ತೂಗಿ, ತೂಕವನ್ನು ಪಾತ್ರೆಯ ತಳದಲ್ಲೇ ಬರೆದೆವು. ಆ ದಿನದ ಸಾಮಗ್ರಿ ಹೀಗಿತ್ತು: ರಾಗಿ ಹಿಟ್ಟು 1000 ಗ್ರಾಂ, ಸಿಪ್ಪೆ ಸಹಿತ ಕಡಲೆಕಾಯಿ ಬೀಜ 500, ಬೆಲ್ಲದ ಪುಡಿ 750, ತುಪ್ಪ 250. ಒಟ್ಟು 2500. ಏಲಕ್ಕಿ ಎರಡು ಗ್ರಾಂ ಇತ್ತು, ಅದನ್ನು ಲೆಕ್ಕಕ್ಕೆ ತರಲಿಲ್ಲ. ನೀರು ಸೇರಿಸುವುದಿಲ್ಲ, ಪಾಕ ಮಾಡುವುದೂ ಇಲ್ಲ. ಬಿಸಿ ಹಿಟ್ಟಿಗೆ ಬೆಲ್ಲ ಮತ್ತು ಕಾಯಿಸಿದ ತುಪ್ಪ ಸೇರಿಸಿ ಕಟ್ಟುತ್ತಾರೆ.

ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದ ಮೇಲೆ ಮುಚ್ಚಳ ಮುಚ್ಚಿ ತಕ್ಷಣ ತೂಗಿದೆವು. 920 ಗ್ರಾಂ. ಮುಚ್ಚಳ ಮುಖ್ಯ, ಏಕೆಂದರೆ ಹುರಿದ ಹಿಟ್ಟು ತೆರೆದಿಟ್ಟರೆ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಬೇಗ. ಕಡಲೆಕಾಯಿ ಬೀಜ ಹುರಿದ ಮೇಲೆ 480. ಅಂದರೆ ಹಿಟ್ಟಿನಿಂದ 80, ಬೀಜದಿಂದ 20, ಒಟ್ಟು 100 ಗ್ರಾಂ ನೀರು ಹೋಗಿದೆ. ಬಾಣಲೆಯಲ್ಲಿ ಕಲಸುವ ಹೊತ್ತಿಗೆ ಮಿಶ್ರಣ 2400 ಗ್ರಾಂ. ಕಟ್ಟಿ ಮುಗಿದಾಗ 94 ಉಂಡೆಗಳು, ತೂಕ 2360.

ಇಲ್ಲಿ ನಾನೇ ಒಮ್ಮೆ ಎಡವಿದೆ. ಕೊನೆಯ ತೂಕದಿಂದ ಭಾಗಿಸಬೇಕು ಎಂಬ ಪಾಠವನ್ನು ಹಿಡಿದುಕೊಂಡು 2360ರಿಂದ ಭಾಗಿಸಿದೆ, 464 ಕಿಲೋಕ್ಯಾಲೊರಿ ಬಂತು. ಆಮೇಲೆ ಬಾಣಲೆಯನ್ನು ನೋಡಿದೆ. ಅದರ ಅಂಚಿನಲ್ಲಿ, ಸೌಟಿನಲ್ಲಿ, ನಾಲ್ಕು ಜನರ ಅಂಗೈಗಳಲ್ಲಿ ಅಂಟಿಕೊಂಡಿದ್ದದ್ದು ಆ 40 ಗ್ರಾಂ. ಅದು ನೀರಲ್ಲ, ಉಂಡೆಯೇ. ನೀರು ಆರಿದರೆ ಪೋಷಕಾಂಶ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಪಾತ್ರೆಗೆ ಅಂಟಿದರೆ ಪೋಷಕಾಂಶವೂ ಅದರೊಂದಿಗೆ ಹೋಗುತ್ತದೆ, ಉಳಿದ ಉಂಡೆಯಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ ಭಾಗಿಸಬೇಕಾದದ್ದು 2400ರಿಂದ. ಎರಡು ನಷ್ಟಗಳೂ ತಕ್ಕಡಿಯಲ್ಲಿ ಒಂದೇ ತರಹ ಕಾಣುತ್ತವೆ, ಪ್ರತಿ ಹಂತದಲ್ಲೂ ತೂಗಿದ್ದರಿಂದಲೇ ಅವನ್ನು ಬೇರ್ಪಡಿಸಲು ಸಾಧ್ಯವಾಯಿತು. ಕೊನೆಗೆ ಒಮ್ಮೆ ಮಾತ್ರ ತೂಗಿದ್ದರೆ ತಿಳಿಯುತ್ತಿರಲಿಲ್ಲ.

ಒಟ್ಟು ಮೊತ್ತದ ಲೆಕ್ಕಕ್ಕೆ ಪಟ್ಟಿಯ ಅಂಕಿಗಳನ್ನು ಹತ್ತಿರದ ಪೂರ್ಣಾಂಕಕ್ಕೆ ತಂದುಕೊಂಡೆ. 100 ಗ್ರಾಂ ಹಸಿ ರಾಗಿಗೆ ಪ್ರೋಟೀನ್ 7, ಕಾರ್ಬೋಹೈಡ್ರೇಟ್ 67, ನಾರು 11, ಕೊಬ್ಬು 2. ಕಡಲೆಕಾಯಿ ಬೀಜಕ್ಕೆ ಕ್ರಮವಾಗಿ 24, 17, 10, 40. ಬೆಲ್ಲದಲ್ಲಿ ಪ್ರೋಟೀನ್ 2, ಕಾರ್ಬೋಹೈಡ್ರೇಟ್ 85. ತುಪ್ಪವನ್ನು ಪೂರ್ತಿ ಕೊಬ್ಬು ಎಂದೇ ಹಿಡಿದೆ. ಹಸಿ ಸಾಮಗ್ರಿಯ ಅಂಕಿಗಳಿಗೆ ಹಸಿ ತೂಕವನ್ನೇ ಗುಣಿಸಬೇಕು, ಹುರಿದ ತೂಕವನ್ನಲ್ಲ. ಹುರಿದದ್ದರ ಪ್ರಭಾವ ಕೊನೆಯ ಭಾಗಾಕಾರದಲ್ಲಿ ಮಾತ್ರ ಬರಬೇಕು. ಎರಡು ಕಡೆಯೂ ತಂದರೆ ಒಂದೇ ನೀರನ್ನು ಎರಡು ಸಲ ಕಳೆದಂತಾಗುತ್ತದೆ.

| ಸಾಮಗ್ರಿ (ಗ್ರಾಂ) | ಪ್ರೋಟೀನ್ | ಕಾರ್ಬೋಹೈಡ್ರೇಟ್ | ನಾರು | ಕೊಬ್ಬು |
|---|---|---|---|---|
| ರಾಗಿ ಹಿಟ್ಟು 1000 | 70 | 670 | 110 | 20 |
| ಕಡಲೆಕಾಯಿ ಬೀಜ 500 | 120 | 85 | 50 | 200 |
| ಬೆಲ್ಲ 750 | 15 | 638 | 0 | 0 |
| ತುಪ್ಪ 250 | 0 | 0 | 0 | 250 |
| ಒಟ್ಟು | 205 | 1393 | 160 | 470 |

ಒಟ್ಟು ಸಾಲನ್ನು 24ರಿಂದ ಭಾಗಿಸಿದರೆ 100 ಗ್ರಾಂ ಉಂಡೆಯ ಅಂಕಿಗಳು ಬರುತ್ತವೆ: ಪ್ರೋಟೀನ್ 8.5, ನಾರು ಬಿಟ್ಟು ಕಾರ್ಬೋಹೈಡ್ರೇಟ್ 58.0, ನಾರು 6.7, ಕೊಬ್ಬು 19.6. ಎಲ್ಲ ಸೇರಿ 92.8. ಉಳಿದದ್ದು 7.2. ಅದರಲ್ಲಿ ಖನಿಜ ಎರಡು ಗ್ರಾಂ ಎಂದರೆ ನೀರು 5 ಗ್ರಾಂ ಚಿಲ್ಲರೆ, ಒಣ ಉಂಡೆಗೆ ಒಪ್ಪುವ ಅಂಕಿ. ಅದೇ ಒಟ್ಟು ಸಾಲನ್ನು 25ರಿಂದ ಭಾಗಿಸಿದೆ. ಪ್ರೋಟೀನ್ 8.2, ಕೊಬ್ಬು 18.8, ಕಾರ್ಬೋಹೈಡ್ರೇಟ್ ಮತ್ತು ನಾರು ಸೇರಿ 62.1. ಹಳೆಯ ಲೇಬಲ್‌ನ ಪ್ರತಿ ಅಂಕಿಯೂ ಹಾಗೇ ಎದ್ದು ಬಂತು. ಹಸಿ ತೂಕದಿಂದ ಭಾಗಿಸಿದ್ದಾರೆ ಎಂಬ ಅನುಮಾನಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಈ ಲೆಕ್ಕವನ್ನು ಅತ್ತಿಗೆಯ ಮೊಬೈಲ್‌ನ ಸ್ಪ್ರೆಡ್‌ಶೀಟ್‌ಗೆ ಹಾಕಿಕೊಟ್ಟೆ. ಮೇಲಿನ ಪಟ್ಟಿಯ ಕ್ರಮದಲ್ಲೇ ಕಂಬಗಳು, ಎರಡನೆಯ ಸಾಲಿನಲ್ಲಿ 100 ಗ್ರಾಂನ ಅಂಕಿಗಳು. ಶಕ್ತಿಯ ಕೋಶದಲ್ಲಿ ಇಷ್ಟೇ ಇದೆ:

```
=4*B2+4*C2+2*D2+9*E2
```

456 ಬಂತು. ನಾರಿಗೆ ಸೊನ್ನೆ ಕೊಟ್ಟಿದ್ದರೆ 443, ನಾಲ್ಕು ಕೊಟ್ಟಿದ್ದರೆ 469 ಆಗುತ್ತಿತ್ತು. ಕೋಶಗಳಲ್ಲಿ ದಶಾಂಶಗಳನ್ನು ಪೂರ್ತಿ ಉಳಿಸಿಕೊಂಡು ಕೊನೆಯಲ್ಲಿ, ಅಚ್ಚಿಗೆ ಕೊಡುವಾಗ ಮಾತ್ರ, ಪೂರ್ಣಾಂಕಕ್ಕೆ ತಂದೆವು. ಈ ಪಟ್ಟಿಗಳಲ್ಲಿ ಇನ್ನೊಂದು ಕಡೆ ಜಾಗ್ರತೆ ಬೇಕು. 2017ರ ಪಟ್ಟಿ ಶಕ್ತಿಯನ್ನು ಕಿಲೋಜೂಲ್‌ಗಳಲ್ಲಿ ಕೊಡುತ್ತದೆ. 4.184 ಕಿಲೋಜೂಲ್‌ಗೆ ಒಂದು ಕಿಲೋಕ್ಯಾಲೊರಿ. ರಾಗಿಯ ಎದುರು ಸಾವಿರಕ್ಕೂ ಮೀರಿದ ಅಂಕಿ ಕಂಡು ಅದನ್ನೇ ಕ್ಯಾಲೊರಿ ಎಂದುಕೊಂಡರೆ ಲೆಕ್ಕ ನಾಲ್ಕು ಪಟ್ಟು ಹಾರುತ್ತದೆ. ಶುದ್ಧ ಎಣ್ಣೆಯೂ ಗ್ರಾಂಗೆ 9 ದಾಟುವುದಿಲ್ಲ, ಹಾಗಾಗಿ 100 ಗ್ರಾಂಗೆ 900ಕ್ಕಿಂತ ಹೆಚ್ಚು ಕಂಡರೆ ತಪ್ಪು ಖಚಿತ.

ಆಮೇಲೆ ಬೆಲ್ಲದ ವಿಷಯ. ಲೇಬಲ್‌ನಲ್ಲಿ ಸೇರಿಸಿದ ಸಕ್ಕರೆ ಸೊನ್ನೆ ಎಂದಿದ್ದದ್ದು ನನ್ನನ್ನು ಕ್ಯಾಲೊರಿಗಿಂತಲೂ ಹೆಚ್ಚು ಕಾಡಿತು. ಸಂಘದ ಹಿರಿಯರೊಬ್ಬರು, "ನಾವು ಸಕ್ಕರೆ ಹಾಕುವುದೇ ಇಲ್ಲವಲ್ಲ, ಬೆಲ್ಲ ಅಲ್ಲವೇ?" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಬೆಲ್ಲದ ಕಾರ್ಬೋಹೈಡ್ರೇಟ್ ಎಂದರೆ ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯೇ. ಕಬ್ಬಿನ ರಸವನ್ನು ಆಲೆಮನೆಯಲ್ಲಿ ಕುದಿಸಿ ಗಟ್ಟಿ ಮಾಡಿದರೂ, ಕಾರ್ಖಾನೆಯಲ್ಲಿ ಹರಳು ಮಾಡಿದರೂ ಮುಖ್ಯ ವಸ್ತು ಸುಕ್ರೋಸ್. ಬೆಲ್ಲದಲ್ಲಿ ಖನಿಜ ಉಳಿಯುತ್ತದೆ ನಿಜ, ಆದರೆ ರಕ್ತದಲ್ಲಿ ಗ್ಲೂಕೋಸ್ ಏರಿಸುವ ಕೆಲಸದಲ್ಲಿ ಅದು ಹಿಂದೆ ಬೀಳುವುದಿಲ್ಲ. 638 ಗ್ರಾಂ ಅನ್ನು 24ರಿಂದ ಭಾಗಿಸಿದರೆ 26.6. 100 ಗ್ರಾಂ ಉಂಡೆಯ ಕಾಲು ಭಾಗಕ್ಕೂ ಹೆಚ್ಚು ಸೇರಿಸಿದ ಸಕ್ಕರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ದಿನದ ಪ್ರಮಾಣವನ್ನು 2000 ಕಿಲೋಕ್ಯಾಲೊರಿ, ಕೊಬ್ಬು 67 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ ಎಂದು ಇಟ್ಟುಕೊಂಡು ಒಂದು ಬಾರಿಯ ಸೇವನೆಯ ಶೇಕಡಾವಾರು ಹೇಳುವಂತೆ ಕೇಳುತ್ತವೆ. 25 ಗ್ರಾಂನ ಒಂದು ಉಂಡೆಯಲ್ಲಿ ಸಕ್ಕರೆ 6.6 ಗ್ರಾಂ, ಅಂದರೆ ಶೇಕಡಾ 13. ಶಕ್ತಿ 114 ಕಿಲೋಕ್ಯಾಲೊರಿ, ಶೇಕಡಾ 6ರ ಹತ್ತಿರ. ಕೊಬ್ಬು 4.9 ಗ್ರಾಂ, ಶೇಕಡಾ 7. ಎರಡು ಉಂಡೆ ತಿನ್ನುವ ಮಧುಮೇಹಿಗೆ ಬೇಕಾದದ್ದು ಈ 13 ಎಂಬ ಅಂಕಿ. ಅದರ ಜಾಗದಲ್ಲಿ ಸೊನ್ನೆ ಇತ್ತು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದಿದ್ದ ಹಳೆಯ ಲೇಬಲ್ ಸುರುಳಿಯನ್ನು ಬೀರುವಿನ ಮೇಲಿಟ್ಟರು. "ಇದನ್ನು ಇನ್ನು ಅಂಟಿಸುವುದು ಬೇಡ," ಎಂದರು.

ಉಂಡೆಯ ಗಾತ್ರದ ಮಾತೂ ಇದೆ. 94 ಉಂಡೆಗಳ ಸರಾಸರಿ 25 ಗ್ರಾಂ ಸರಿಯಾಗಿಯೇ ಬಂತು. ಆದರೆ ಬಿಡಿಬಿಡಿಯಾಗಿ 20 ತೂಗಿದಾಗ 22ರಿಂದ 29ರವರೆಗೆ ಇದ್ದವು, ಪ್ರತಿಯೊಬ್ಬರ ಅಂಗೈ ಬೇರೆ ತಾನೇ. ಈಗ ಒಂದೇ ಅಳತೆಯ ಸಣ್ಣ ಸೌಟಿನಿಂದ ತೆಗೆದು ಕಟ್ಟುತ್ತಿದ್ದಾರೆ.

ಈ ಲೆಕ್ಕಕ್ಕೆ ಮಿತಿಗಳಿವೆ, ಅವನ್ನು ಅತ್ತಿಗೆಗೂ ಹೇಳಿದೆ. ಪಟ್ಟಿಯ ಅಂಕಿಗಳು ಹಲವು ಮಾದರಿಗಳ ಸರಾಸರಿ. ನಮ್ಮ ಚೀಲದ ರಾಗಿಯ ನಾರು ಅಷ್ಟೇ ಇರಬೇಕೆಂದಿಲ್ಲ, ಹಿಟ್ಟನ್ನು ಜರಡಿ ಹಿಡಿದರಂತೂ ತೌಡಿನೊಂದಿಗೆ ನಾರು ಹೊರಗೆ ಹೋಗುತ್ತದೆ. ಬೆಲ್ಲದ ತೇವಾಂಶ ಅಚ್ಚಿನಿಂದ ಅಚ್ಚಿಗೆ ಬದಲಾಗುತ್ತದೆ, ಹಸಿ ಬೆಲ್ಲ ಬಂದ ದಿನ 85 ಎಂಬುದು ಕೆಳಗಿಳಿಯುತ್ತದೆ. ತೇವಾಂಶವನ್ನು ಒಲೆಯಲ್ಲಿ ಒಣಗಿಸಿ ನೋಡೋಣವೇ ಎಂದು ನನಗೂ ಅನ್ನಿಸಿತ್ತು. ಆದರೆ ಬೆಲ್ಲವಿರುವ ಪದಾರ್ಥವನ್ನು 105 ಡಿಗ್ರಿಯಲ್ಲಿ ಒಣಗಿಸಿದರೆ ಸಕ್ಕರೆಯೇ ಒಡೆದು ತೂಕ ಕಳೆದುಕೊಳ್ಳತೊಡಗುತ್ತದೆ, ನೀರು ಹೆಚ್ಚಿದ್ದಂತೆ ಸುಳ್ಳು ತೋರಿಸುತ್ತದೆ. ಅದಕ್ಕೆ ಪ್ರಯೋಗಾಲಯಗಳಲ್ಲಿ ಗಾಳಿಯ ಒತ್ತಡ ತಗ್ಗಿಸಿದ ಒಲೆಯಲ್ಲಿ 70 ಡಿಗ್ರಿಯ ಸುಮಾರಿನಲ್ಲಿ ಒಣಗಿಸುತ್ತಾರೆ. ಅಚ್ಚು ಹಾಕಿಸುವ ಮೊದಲು ಒಂದು ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಡಲು ಸಂಘ ಒಪ್ಪಿದೆ. ವರದಿ ಬಂದಾಗ ಮೊದಲು ನೋಡಬೇಕಾದದ್ದು ಕಾರ್ಬೋಹೈಡ್ರೇಟ್ ಸಾಲಿನಲ್ಲಿ ನಾರು ಸೇರಿದೆಯೇ ಇಲ್ಲವೇ ಎಂಬುದನ್ನು. ಪ್ರಯೋಗಾಲಯದಲ್ಲಿ ಕಾರ್ಬೋಹೈಡ್ರೇಟನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ನೀರು, ಖನಿಜ, ಪ್ರೋಟೀನ್, ಕೊಬ್ಬು ಅಳೆದು 100ರಿಂದ ಕಳೆದು ಉಳಿದದ್ದನ್ನು ಬರೆಯುತ್ತಾರೆ. ನಾರನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ ಅದು ಆ ಉಳಿಕೆಯೊಳಗೇ ಕುಳಿತಿರುತ್ತದೆ. ಮತ್ತೆ ಅದೇ ಗೊಂದಲ.

ಸಂಜೆ ಹೊರಡುವ ಹೊತ್ತಿಗೆ ಅತ್ತಿಗೆ ಮೊಬೈಲ್ ಹಿಡಿದುಕೊಂಡು ತಾವೇ ಲೆಕ್ಕ ಹಾಕುತ್ತಿದ್ದರು. "ತುಪ್ಪ 250ರ ಬದಲು 200 ಹಾಕಿದರೆ ಕ್ಯಾಲೊರಿ ಎಷ್ಟೋ ಇಳಿಯಬೇಕಲ್ಲವೇ?" ಎಂದು ಕೇಳಿ, ಅಂಕಿ ಬದಲಿಸಿ, ಮಿಶ್ರಣದ ತೂಕವನ್ನೂ ನೆನಪಿಟ್ಟು 2350 ಮಾಡಿದರು. 456 ಇದ್ದದ್ದು 446 ಆಯಿತು. ಹತ್ತೇ ಇಳಿದದ್ದು ಅವರಿಗೆ ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಒತ್ತಿ ನೋಡಿದರು. ತೆಗೆದ 50 ಗ್ರಾಂ ತುಪ್ಪದೊಂದಿಗೆ 450 ಕಿಲೋಕ್ಯಾಲೊರಿ ಹೋದದ್ದು ನಿಜ, ಆದರೆ ಇಡೀ ಮಿಶ್ರಣದಲ್ಲಿದ್ದದ್ದು 10,942. ಜೊತೆಗೆ ಮಿಶ್ರಣದ ತೂಕವೂ 50 ಗ್ರಾಂ ಕಡಿಮೆಯಾಯಿತು, ಹಾಗಾಗಿ 100 ಗ್ರಾಂ ಉಂಡೆಯಲ್ಲಿ ತುಪ್ಪ ಬಿಟ್ಟ ಜಾಗವನ್ನು ರಾಗಿ, ಬೆಲ್ಲ, ಕಡಲೆಕಾಯಿ ತುಂಬಿಕೊಂಡವು. ಒಂದು ಉಂಡೆಗೆ ಉಳಿತಾಯ ಎರಡೂವರೆ ಕಿಲೋಕ್ಯಾಲೊರಿ. "ಇಷ್ಟಕ್ಕೆ ತುಪ್ಪ ಕಡಿಮೆ ಮಾಡಿದರೆ ಉಂಡೆ ಕಟ್ಟಲು ಬರುವುದಿಲ್ಲ, ಪೊಟ್ಟಣದಲ್ಲೇ ಒಡೆಯುತ್ತದೆ," ಎಂದು ಅವರು 250ಕ್ಕೇ ಮರಳಿಸಿದರು.